ಪುಟ್ಟ ಮಗಳು ‘ಅವ್ವ’ ಆಗುವುದು ಹೇಗೆ?

ಪ್ರಶ್ನೆ: ಮಂಡ್ಯ ಕಡೆ ಮೂರು ವರ್ಷದ ಮಗಳನ್ನೂ ‘ನಮ್ಮವ್ವ’, ‘ತಾಯಿ’ ಅಂತ ಯಾಕೆ ಕರೀತಾರೆ? ಬೇರೆ ಭಾಷೆಯಲ್ಲೂ ಹೀಗಿದೆಯಾ?

ಉತ್ತರ: ಮನೆಯಲ್ಲಿ ಹೆಚ್ಚು ಗೌರವ ಸಿಗುವ ಪದವನ್ನೇ ಚಿಕ್ಕವರಿಗೆ ಕೊಟ್ಟು ಮುದ್ದು ಮಾಡುವ ರೀತಿ ಇದು. ‘ಉಣ್ಣು ನಮ್ಮವ್ವ’ ಅಂದಾಗ ಆಜ್ಞೆಯೂ ಬೇಡಿಕೆಯ ಹಾಗೆ ಕೇಳಿಸುತ್ತದೆ.

ಅರಬ್ಬಿಯಲ್ಲೂ ಇಂಥದ್ದೇ ರೂಢಿ ಇದೆ. ಆದರೆ ಅಲ್ಲಿ ಪದ ನಿಲ್ಲುವುದು ಮಾತಾಡುವವರ ಮೇಲೆ. ತಾಯಿ ತನ್ನ ಮಗನನ್ನೇ ‘ಮಾಮಾ’ (ಅಮ್ಮ) ಅಂತ ಕರೆಯುತ್ತಾಳೆ, ತಂದೆ ಮಗಳನ್ನು ‘ಬಾಬಾ’ (ಅಪ್ಪ) ಅನ್ನುತ್ತಾನೆ. ನಮ್ಮಲ್ಲಿ ಕೇಳುವವರನ್ನು ನೋಡಿ ಪದ ಬದಲಾಗುತ್ತದೆ. ಯಾರೇ ಕರೆದರೂ ಮಗನಿಗೆ ‘ಅಪ್ಪ’, ಮಗಳಿಗೆ ‘ಅವ್ವ’. ಹಾಗಾಗಿ ಮಂಡ್ಯದ ತಾಯಿ ಮಗನಿಗೆ ‘ಬಾ ನನ್ನಪ್ಪ’ ಅಂದರೆ, ಅರಬ್ಬಿ ಮಾತಾಡುವ ತಾಯಿ ತನ್ನ ಮಗನನ್ನೇ ‘ಅಮ್ಮ’ ಅಂದುಬಿಡುತ್ತಾಳೆ. ತಮಾಷೆಯಾಗಿದೆ, ಅಲ್ವಾ?

ಮಗಳನ್ನು ಕರೆಯುವ ಈ ‘ಅವ್ವ’ವನ್ನು ಇಂಗ್ಲಿಷಿಗೆ ‘ಮದರ್’ ಅಂತ ಅನುವಾದಿಸಿದರೆ ಓದುವವರು ಮಗುವಿನ ಜಾಗದಲ್ಲಿ ಮುದುಕಿಯನ್ನು ಹುಡುಕುತ್ತಾರೆ. ‘ಡಾರ್ಲಿಂಗ್’ ಅಂದರೆ ಪ್ರೀತಿ ಉಳಿಯುತ್ತದೆ, ಚಿಕ್ಕವರನ್ನು ದೊಡ್ಡವರ ಜಾಗದಲ್ಲಿ ಕೂರಿಸುವ ಆಟ ಹೋಗುತ್ತದೆ.

ಒಂದು ಎಚ್ಚರ: ಎಲ್ಲ ‘ಅಪ್ಪ’ವೂ ಮುದ್ದಲ್ಲ. ಮೈಸೂರಿನ ಬಸ್ಸಿನಲ್ಲಿ ಕಂಡಕ್ಟರ್ ‘ಮುಂದೆ ಹೋಗಪ್ಪ’ ಅಂದರೆ ಅದು ಸುಮ್ನೆ ಮಾತನ್ನು ಮೆದು ಮಾಡುವ ರೀತಿ, ಕೆಲವೊಮ್ಮೆ ಬೇಸರ. ಆದರೆ ಪದದ ಮೊದಲಿಗೆ ‘ನನ್ನ’, ‘ನಮ್ಮ’ ಸೇರಿ, ಸ್ವರ ಎಳೆದರೆ ಬಹುಮಟ್ಟಿಗೆ ಅದು ಮುದ್ದೇ.