ಸೋಸುಪರೆಯನ್ನು ದಾಟಿದ್ದು ಯಾವುದು?

"ಎರಡು ತಳಿಯ ಬ್ಯಾಕ್ಟೀರಿಯಾಗಳನ್ನು ಬೆರೆಸಿದೆ, ಜೀನ್ ದಾಟಿತು. ಕಾಂಜುಗೇಷನ್ನೋ, ಟ್ರಾನ್ಸ್‌ಫಾರ್ಮೇಷನ್ನೋ, ಟ್ರಾನ್ಸ್‌ಡಕ್ಷನ್ನೋ ಎಂದು ಹೇಗೆ ತಿಳಿಯುವುದು?"

ಮೊದಲು ಎರಡೂ ತಳಿಗಳನ್ನು, ಜೀನ್ ಪಡೆದ ಕೋಶ ಮಾತ್ರ ಬೆಳೆಯುವಂಥ ತಟ್ಟೆಗಳಲ್ಲಿ ಬೇರೆ ಬೇರೆಯಾಗಿ ಬೆಳೆಸಿ ನೋಡಿ. ತಾವಾಗಿಯೇ ಜೀನ್ ಬದಲಾದ ಕೋಶಗಳು ಎಷ್ಟೋ ಸಲ ಮೋಸ ಮಾಡುತ್ತವೆ.

ಆಮೇಲೆ ಯು ಆಕಾರದ ನಳಿಕೆಯ ಒಂದೊಂದು ಬದಿಗೆ ಒಂದೊಂದು ತಳಿ ಹಾಕಿ. ನಡುವಿನ ಸೋಸುಪರೆ ದ್ರವವನ್ನು ಬಿಡುತ್ತದೆ, ಕೋಶವನ್ನು ಬಿಡುವುದಿಲ್ಲ. ಜೀನ್ ದಾಟುವುದು ನಿಂತರೆ ಕೋಶಕ್ಕೆ ಕೋಶ ತಾಗಲೇಬೇಕು ಎಂದರ್ಥ, ಅಂದರೆ ಕಾಂಜುಗೇಷನ್. 1950ರಲ್ಲಿ ಬರ್ನಾರ್ಡ್ ಡೇವಿಸ್ ಇ. ಕೋಲಿಯಲ್ಲಿ ತೋರಿಸಿದ್ದು ಇದನ್ನೇ.

ದಾಟುತ್ತಲೇ ಇದ್ದರೆ ಡಿಎನ್‌ಏಸ್ ಕಿಣ್ವವನ್ನು ಹಾಕಿ. ದ್ರವದಲ್ಲಿ ತೇಲುವ ಬರಿಯ ಡಿಎನ್‌ಎ ಚೂರಾಗಿ ಟ್ರಾನ್ಸ್‌ಫಾರ್ಮೇಷನ್ ನಿಲ್ಲುತ್ತದೆ. ಬ್ಯಾಕ್ಟೀರಿಯಾಗೆ ಸೋಂಕುವ ಫೇಜ್ ವೈರಸ್ಸಿನ ಪ್ರೋಟೀನ್ ಕವಚದೊಳಗಿರುವ ಡಿಎನ್‌ಎಗೆ ಏನೂ ಆಗುವುದಿಲ್ಲ, ಅದು ಜೀನ್ ಒಯ್ಯುವ ಟ್ರಾನ್ಸ್‌ಡಕ್ಷನ್ ನಡೆಯುತ್ತಲೇ ಇರುತ್ತದೆ. ದ್ರವದಲ್ಲಿ ಮೆಗ್ನೀಷಿಯಂ ಇರಲಿ. ಇಲ್ಲದಿದ್ದರೆ ಕಿಣ್ವ ಸುಮ್ಮನೆ ಕೂರುತ್ತದೆ, ನೀವು ಟ್ರಾನ್ಸ್‌ಡಕ್ಷನ್ ಎಂದು ತಪ್ಪು ತೀರ್ಮಾನಕ್ಕೆ ಬರುತ್ತೀರಿ.

1952ರಲ್ಲಿ ಜಿಂಡರ್ ಮತ್ತು ಲೆಡರ್‌ಬರ್ಗ್ ಸಾಲ್ಮೊನೆಲ್ಲಾದಲ್ಲಿ ಕಂಡದ್ದು ನನಗೆ ಬಲು ಇಷ್ಟ. ಒಂದು ತಳಿಯೊಳಗೆ ಅಡಗಿದ್ದ ಪಿ22 ಫೇಜ್ ಪರೆ ದಾಟಿ ಆಚೆಯ ತಳಿಯನ್ನು ಒಡೆಯಿತು. ಅಲ್ಲಿ ಹುಟ್ಟಿದ ಕೆಲವು ಫೇಜ್‌ಗಳು ಆ ಕೋಶಗಳ ಜೀನ್ ತುಂಡನ್ನು ತುಂಬಿಕೊಂಡು ಮತ್ತೆ ಈಚೆಗೆ ಬಂದವು.