ಬಿಲ್ ಎಂಟ್ರಿಯನ್ನು ಸಾಫ್ಟ್‌ವೇರ್ ಮಾಡಿದರೆ ಅಕೌಂಟೆಂಟ್‌ಗೆ ಉಳಿಯುವುದೇನು?

ಪ್ರಶ್ನೆ: ಬೆಳಗಾವಿಯ ಒಂದು ಫೌಂಡ್ರಿಯಲ್ಲಿ 12 ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಬಿಲ್ ಸ್ಕ್ಯಾನ್ ಮಾಡಿದರೆ ತಾನೇ ಎಂಟ್ರಿ ಹಾಕುವ ಸಾಫ್ಟ್‌ವೇರ್ ಮುಂದಿನ ತಿಂಗಳು ಬರುತ್ತದಂತೆ. ನನ್ನ ದಿನದ ಕೆಲಸವೇ ಅದು. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಎರಡು ವಾರ ಒಂದು ನೋಟ್‌ಬುಕ್ ಇಡಿ. ಪ್ರತಿ ಅರ್ಧ ಗಂಟೆಗೆ ಏನು ಮಾಡಿದಿರಿ, ಅದಕ್ಕಾಗಿ ಯಾರನ್ನಾದರೂ ಕೇಳಬೇಕಾಯಿತೇ, ಅದು ತಪ್ಪಿದ್ದರೆ ಎಷ್ಟು ಹಣ ಹೋಗುತ್ತಿತ್ತು ಎಂದು ಬರೆಯಿರಿ. ವಾರದ 48 ಗಂಟೆಯಲ್ಲಿ 26 ಗಂಟೆ ಎಂಟ್ರಿಗೇ ಹೋಗುತ್ತಿದೆ ಎಂದಿಟ್ಟುಕೊಳ್ಳೋಣ. ಸಾಫ್ಟ್‌ವೇರ್ ಬಂದ ಮೇಲೂ ಅದು ಓದಿದ್ದನ್ನು ಪರಿಶೀಲಿಸಲು 8 ಗಂಟೆ ಬೇಕಾದರೆ, ಬಿಡುವಾಗುವುದು 18 ಗಂಟೆ. ಭಯಕ್ಕೆ ಅಳತೆಯಿಲ್ಲ, 18 ಗಂಟೆಗೆ ಅಳತೆಯಿದೆ. ಮಾಲೀಕರು ಈ ಲೆಕ್ಕ ಹಾಕುವ ಮೊದಲೇ ನಿಮ್ಮ ಕೈಯಲ್ಲಿ ಅದಿರಬೇಕು.

ಇನ್ನು ಸಾಫ್ಟ್‌ವೇರ್ ಎಲ್ಲಿ ಎಡವುತ್ತದೆ ಎಂಬುದು. ಒಂದೇ ಗ್ಯಾರೇಜಿನಿಂದ ಒಂದೇ ದಿನ ಎರಡು ರಿಪೇರಿ ಬಿಲ್ ಬಂದಿವೆ ಅನ್ನಿ: ಒಂದು ಎರಕದ ಮಾಲು ಸಾಗಿಸುವ ಟೆಂಪೋದ್ದು, ಇನ್ನೊಂದು ಮಾಲೀಕರ ಕಾರಿನದು. ಗ್ಯಾರೇಜ್, ತೆರಿಗೆ ದರ, ಬಿಲ್ಲಿನ ನಮೂನೆ ಎಲ್ಲ ಒಂದೇ. ಟೆಂಪೋ ಬಿಲ್ಲಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಕಾರಿನದಕ್ಕೆ ಕಾಯ್ದೆಯ ಸೆಕ್ಷನ್ 17(5) ಪ್ರಕಾರ ಸಿಗುವುದಿಲ್ಲ. ಎರಡನ್ನೂ ಬೇರೆ ಮಾಡುವುದು ಮೂಲೆಯಲ್ಲಿ ಬರೆದ ಗಾಡಿ ನಂಬರ್ ಮಾತ್ರ, ಆ ನಂಬರ್ ಯಾವ ಗಾಡಿಯದೆಂದು ಗೊತ್ತಿರುವುದು ನಿಮಗೆ. ತಪ್ಪಾಗಿ ತೆಗೆದುಕೊಂಡ ಕ್ರೆಡಿಟ್ಟನ್ನು ಬಳಸಿಬಿಟ್ಟರೆ ವರ್ಷಕ್ಕೆ ಶೇ. 18ರ ಬಡ್ಡಿ ಸಮೇತ ಕಟ್ಟಬೇಕು. ಇಂಥ ತಂತ್ರಾಂಶಗಳು ಹಿಂದಿನ ಎಂಟ್ರಿ ನೋಡಿ ಮುಂದಿನದನ್ನು ಊಹಿಸುವುದರಿಂದ, ಮೊದಲ ಬಿಲ್ಲಿನಲ್ಲಿ ಆದ ತಪ್ಪು ಪ್ರತಿ ತಿಂಗಳೂ ಸದ್ದಿಲ್ಲದೆ ಮರುಕಳಿಸುತ್ತದೆ. ತಿಂಗಳ ಕೊನೆಗೆ ಪ್ರತಿ ಲೆಡ್ಜರನ್ನು ಹಿಂದಿನ ತಿಂಗಳ ಪಕ್ಕದಲ್ಲಿಟ್ಟು ನೋಡಿ. ಕಾರಣವಿಲ್ಲದೆ ಏರಿದ್ದೋ ಇಳಿದದ್ದೋ ಕಂಡರೆ ಅಲ್ಲಿಂದ ಹುಡುಕಲು ಶುರುಮಾಡಿ.

ಇದಕ್ಕಿಂತ ದೊಡ್ಡ ಕೆಲಸ GSTR-2Bಯದು. ತಿಂಗಳ ರಿಟರ್ನ್ ಹಾಕುವ ಸರಬರಾಜುದಾರರು 11ರೊಳಗೆ GSTR-1 ಸಲ್ಲಿಸಬೇಕು, 14ಕ್ಕೆ ನಿಮ್ಮ 2B ಬರುತ್ತದೆ, 20ರೊಳಗೆ ನೀವು 3B ಹಾಕಬೇಕು. ಒಂದು ಲಕ್ಷದ ಕಚ್ಚಾ ಕಬ್ಬಿಣಕ್ಕೆ 18,000 ರೂಪಾಯಿ ತೆರಿಗೆ ಕೊಟ್ಟಿದ್ದೀರಿ, ಸರಬರಾಜುದಾರ ಆ ಬಿಲ್ಲನ್ನು ತೋರಿಸಿಲ್ಲ, ಇಲ್ಲವೇ ಬೇರೆ ಜಿಎಸ್‌ಟಿ ನಂಬರಿಗೆ ಹಾಕಿದ್ದಾನೆ. 2Bಯಲ್ಲಿ ಇಲ್ಲದ್ದಕ್ಕೆ ಕ್ರೆಡಿಟ್ ಇಲ್ಲ, ಅಷ್ಟು ಹಣ ಆ ತಿಂಗಳು ಕೈಯಿಂದ ಹೋಗುತ್ತದೆ. ಸಾಫ್ಟ್‌ವೇರ್ ‘ಹೊಂದಿಕೆಯಾಗಿಲ್ಲ’ ಎಂದು ಕೆಂಪು ಗುರುತು ಹಾಕುತ್ತದೆ. ಆದರೆ ಬಿಲ್ ನಂಬರನ್ನು ಒಬ್ಬರು 0417, ಇನ್ನೊಬ್ಬರು 417 ಎಂದು ಬರೆದ ಚಿಲ್ಲರೆ ವ್ಯತ್ಯಾಸಕ್ಕೂ ಅದೇ ಗುರುತು ಬೀಳಬಹುದು. ಕೆಂಪು ಸಾಲುಗಳಲ್ಲಿ ಹಣ ಹೋಗುವಂಥವು ಯಾವುವೆಂದು ಆರಿಸಿ, ಆ ಆರು ದಿನಗಳಲ್ಲಿ ಯಾರಿಗೆ ಫೋನ್ ಮಾಡಬೇಕು, ಯಾರ ಪೇಮೆಂಟ್ ತಡೆಹಿಡಿಯಬೇಕು ಎಂದು ನಿರ್ಧರಿಸಲು ಒಬ್ಬರು ಬೇಕೇಬೇಕು. ಬಿಡುವಾಗುವ 18 ಗಂಟೆಯನ್ನು ಇಲ್ಲಿಗೆ ತನ್ನಿ.

ಕೆಲವರು ಹೆದರಿಕೆಯಲ್ಲಿ ಹಳೆಯ ಮಾಹಿತಿ ಬಿಟ್ಟುಕೊಡದೆ ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲೆಡ್ಜರ್ ಪಟ್ಟಿ ಅರೆಬರೆಯಾಗಿ ಏರಿದರೆ ಮುಂದೆ ಬರುವ ತಪ್ಪುಗಳೆಲ್ಲ ನಿಮ್ಮ ಮೇಜಿಗೇ ಬಂದು ಬೀಳುತ್ತವೆ. ಬದಲಿಗೆ ಮಾಲೀಕರನ್ನು ಹೀಗೆ ಕೇಳಿ: “ಸರ್, ಮೊದಲ ತಿಂಗಳು ಹಳೇ ಎಂಟ್ರಿ, ಹೊಸ ಸಾಫ್ಟ್‌ವೇರ್ ಎರಡೂ ಜೊತೆಗೇ ನಡೀಲಿ. ವ್ಯತ್ಯಾಸ ಬಂದದ್ದನ್ನೆಲ್ಲ ನಾನು ಬರೆದಿಡ್ತೀನಿ.” ಆ ರಿಜಿಸ್ಟರಿನಲ್ಲಿ ಬಿಲ್, ತಪ್ಪು, ಮೊತ್ತ, ಹೇಗೆ ಸರಿಯಾಯಿತು ಎಂಬ ನಾಲ್ಕು ಕಾಲಂ ಸಾಕು. ಸಾಫ್ಟ್‌ವೇರ್ ಸರಿಯಾಗಿ ಮಾಡಿದ್ದನ್ನೂ ಬರೆಯಿರಿ, ಇಲ್ಲದಿದ್ದರೆ ಅದು ದೂರಿನ ಪಟ್ಟಿಯಂತೆ ಕಾಣುತ್ತದೆ. ತಿಂಗಳ ಕೊನೆಗೆ ಉಳಿಸಿದ ಮೊತ್ತ ಕೂಡಿಸಿ ತೋರಿಸಿ, ‘ಪರಿಶೀಲನೆ ಮತ್ತು 2B ಹೊಂದಾಣಿಕೆ ನನ್ನ ಜವಾಬ್ದಾರಿ’ ಎಂದು ಬರಹದಲ್ಲಿ ಮಾಡಿಸಿಕೊಳ್ಳಿ.

ನಿಮ್ಮಲ್ಲಿ ಇದೇ ಎಂಟ್ರಿಗೆ ಮೂವರಿದ್ದರೆ ಮೂವರೂ ಉಳಿಯುತ್ತಾರೆಂದು ಹೇಳಲಾರೆವು. ಹಾಗಾಗಿ ಗ್ರಾಚ್ಯುಟಿಯ ಲೆಕ್ಕವನ್ನೂ ಹಾಕಿಡಿ: ಕೊನೆಯ ಮೂಲ ವೇತನ ಮತ್ತು ಡಿಎ ಕೂಡಿಸಿ, 15ರಿಂದ ಹಾಗೂ ಸೇವೆಯ ವರ್ಷಗಳಿಂದ ಗುಣಿಸಿ, 26ರಿಂದ ಭಾಗಿಸಿ. ಅವೆರಡೂ ಸೇರಿ 18,000 ಇದ್ದರೆ, 12 ವರ್ಷಕ್ಕೆ ಸುಮಾರು 1,24,615 ರೂಪಾಯಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳು ಮತ್ತು ಪಿಎಫ್ ಪಾಸ್‌ಬುಕ್ಕಿನ ಪ್ರತಿಯನ್ನು ಈ ವಾರವೇ ಮನೆಯಲ್ಲಿ ಒಂದು ಫೈಲಿಗೆ ಹಾಕಿಡಿ.