ಡಿಸ್ಚಾರ್ಜ್ ದಿನ ಟಿಪಿಎ ಉತ್ತರ ನಿಂತಾಗ

«ಕಲಬುರಗಿಯ ಆಸ್ಪತ್ರೆಯಲ್ಲಿ ಅವ್ವನಿಗೆ ಪಿತ್ತಕೋಶದ ಆಪರೇಷನ್ ಆಗಿದೆ. ಬೆಳಿಗ್ಗೆಯಿಂದ ಟಿಪಿಎ ಅಪ್ರೂವಲ್ ಬಂದಿಲ್ಲ ಅಂತಾರೆ. ಯಾರನ್ನು ಕೇಳಬೇಕು?»

ವಿಮಾ ಕಂಪನಿಯನ್ನೇ ಕೇಳಿರಿ. ಟಿಪಿಎ ಕಾಗದಪತ್ರ ಪರಿಶೀಲಿಸುವ ಮಧ್ಯವರ್ತಿ ಮಾತ್ರ. ಕ್ಲೇಮ್ ಒಪ್ಪುವ ಅಥವಾ ತಿರಸ್ಕರಿಸುವ ಹೊಣೆ ಕಂಪನಿಯದು.

ಆದರೆ ಮೊದಲು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕ್ಲೇಮ್ ನಂಬರ್, ಅಂತಿಮ ಬಿಲ್ ಕಳಿಸಿದ ಸಮಯ ಮತ್ತು ಟಿಪಿಎ ಕೊನೆಯದಾಗಿ ಕಳಿಸಿದ ಪತ್ರದ ಪ್ರತಿ, ಈ ಮೂರನ್ನೂ ಬರಹದಲ್ಲಿ ಪಡೆಯಿರಿ. ಬಹಳ ಸಲ ಆ ಪತ್ರದಲ್ಲಿಯೇ ಒಂದು ಪ್ರಶ್ನೆ, ಉದಾಹರಣೆಗೆ «ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ?» ಎಂಬುದು, ಉತ್ತರವಿಲ್ಲದೆ ಬಿದ್ದಿರುತ್ತದೆ, ಆಸ್ಪತ್ರೆ ಟಿಪಿಎಯನ್ನೂ ಟಿಪಿಎ ಆಸ್ಪತ್ರೆಯನ್ನೂ ತೋರಿಸುತ್ತಾ ಹೊತ್ತು ಕಳೆಯುತ್ತದೆ. ಹಾಗಿದ್ದರೆ ಚಿಕಿತ್ಸೆ ನೀಡಿದ ವೈದ್ಯರಿಂದ ಸಹಿ, ಮೊಹರು ಇರುವ ಉತ್ತರ ಬರೆಸಿ, ಅದನ್ನು ಡೆಸ್ಕಿನವರು ನಿಮ್ಮೆದುರೇ ಅಪ್‌ಲೋಡ್ ಮಾಡುವಂತೆ ನೋಡಿಕೊಳ್ಳಿ.

ಪ್ರಶ್ನೆಯೇ ಇಲ್ಲದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಕಳಿಸಿರಿ. ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐನ 2024ರ ಸುತ್ತೋಲೆಯಂತೆ, ಆಸ್ಪತ್ರೆಯ ಡಿಸ್ಚಾರ್ಜ್ ಕೋರಿಕೆ ತಲುಪಿದ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಬರಬೇಕು. ಅದನ್ನು ಮೀರಿದ ವಿಳಂಬದಿಂದ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಕಳಿಸಿದ ಸಮಯವನ್ನು ಬರಹದಲ್ಲಿ ಪಡೆಯಿರಿ ಎಂದದ್ದು ಇದಕ್ಕಾಗಿಯೇ.

ಕಾಯಲಾಗದೆ ಹಣ ಕಟ್ಟಿ ಅವ್ವನನ್ನು ಮನೆಗೆ ಕರೆದೊಯ್ದರೂ ಹಕ್ಕು ಹೋಗುವುದಿಲ್ಲ: ಮೂಲ ಬಿಲ್ಲು, ರಸೀದಿ, ಡಿಸ್ಚಾರ್ಜ್ ಸಾರಾಂಶಗಳೊಂದಿಗೆ ಮರುಪಾವತಿಗೆ ಅರ್ಜಿ ಹಾಕಿರಿ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.